ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯ ಬೆಲೆ ಲೆಕ್ಕ: ಟೇಪಿನಿಂದ ಕೊನೆಯ ಬಿಲ್ಲಿನವರೆಗೆ

ಸ್ಲೈಡಿಂಗ್ ಕಿಟಕಿ ಮಾಡಿಸಲು ಹೊರಟವರು ಮೊದಲು ಕೇಳುವುದು "ಚದರ ಅಡಿಗೆ ಎಷ್ಟು?" ಎಂದು. ಒಬ್ಬರು 450 ರೂಪಾಯಿ ಎನ್ನುತ್ತಾರೆ, ಇನ್ನೊಬ್ಬರು 520. ಕೆಲಸ ಸಾಮಾನ್ಯವಾಗಿ 450 ಹೇಳಿದವರಿಗೇ ಹೋಗುತ್ತದೆ. ಆದರೆ ಯಾವ ಅಳತೆಯ ಚದರ ಅಡಿ, ಯಾವ ಗಾಜಿನ ಜೊತೆ, ಫಿಟ್ಟಿಂಗ್ ಸೇರಿಯೋ ಬಿಟ್ಟೋ ಎಂದು ಕೇಳದಿದ್ದರೆ ಆ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವೇ ಇಲ್ಲ. ಇಲ್ಲಿ ಇದೇ ಎರಡು ದರಗಳನ್ನು ಹಿಡಿದು ನಾಲ್ಕು ಕಿಟಕಿಗಳ ಲೆಕ್ಕವನ್ನು ಕೊನೆಯ ರೂಪಾಯಿಯವರೆಗೆ ಮಾಡೋಣ. ದರಗಳು ಲೆಕ್ಕ ತೋರಿಸಲು ಹಿಡಿದವು ಮಾತ್ರ. ನಿಮಗೆ ಸಿಕ್ಕ ದರವನ್ನು ಅದೇ ಜಾಗದಲ್ಲಿ ಇಟ್ಟುಕೊಳ್ಳಿ.

ನಾಲ್ಕು ಕಿಟಕಿಗಳು ಹೀಗಿವೆ: ಹಾಲಿಗೆ 5 ಅಡಿ 3 ಇಂಚು ಅಗಲ, 4 ಅಡಿ ಎತ್ತರದ್ದು ಎರಡು. ಮಲಗುವ ಕೋಣೆಗೆ 4 ಅಡಿ 7 ಇಂಚು ಅಗಲ, 4 ಅಡಿ 2 ಇಂಚು ಎತ್ತರದ್ದು ಒಂದು. ಅಡುಗೆಮನೆಗೆ 2 ಅಡಿ 8 ಇಂಚು ಅಗಲ, 2 ಅಡಿ ಎತ್ತರದ್ದು ಒಂದು. ಎಲ್ಲವೂ ಮೂರು ಟ್ರ್ಯಾಕ್: ಎರಡು ಗಾಜಿನ ಶಟರ್, ಒಂದು ಸೊಳ್ಳೆ ಜಾಲರಿಯ ಶಟರ್.

ಅಳತೆ ತೆಗೆಯುವುದು

ಗೋಡೆಯ ಪ್ಲಾಸ್ಟರ್ ಮುಗಿದು, ಕಿಟಕಿಯ ಕೆಳಗಿನ ಕಲ್ಲು ಕೂತ ಮೇಲೆಯೇ ಅಳತೆ ತೆಗೆಯಬೇಕು. ಇಟ್ಟಿಗೆ ಕೆಲಸ ಮುಗಿದಾಗ ತೆಗೆದ ಅಳತೆ ಪ್ಲಾಸ್ಟರ್ ಆದ ಮೇಲೆ ಎರಡೂ ಬದಿಯಿಂದ ಕಡಿಮೆಯಾಗುತ್ತದೆ. ಕಲ್ಲು ಕೂತರೆ ಎತ್ತರವೂ ಇಳಿಯುತ್ತದೆ. ಅಂದಾಜು ದರ ಕೇಳಲು ಹಳೆಯ ಅಳತೆ ನಡೆಯುತ್ತದೆ, ಕಟಿಂಗ್‌ಗೆ ನಡೆಯುವುದಿಲ್ಲ.

ಅಗಲವನ್ನು ಕೆಳಗೆ, ನಡುವೆ, ಮೇಲೆ ಹೀಗೆ ಮೂರು ಕಡೆ ಹಿಡಿಯಿರಿ. ಎತ್ತರವನ್ನೂ ಎಡ, ನಡು, ಬಲ ಎಂದು ಮೂರು ಕಡೆ. ನಮ್ಮ ಮಲಗುವ ಕೋಣೆಯ ಕಿಟಕಿಯಲ್ಲಿ ಕೆಳಗೆ 4 ಅಡಿ 7¼ ಇಂಚು, ನಡುವೆ 4 ಅಡಿ 7 ಇಂಚು, ಮೇಲೆ 4 ಅಡಿ 7⅜ ಇಂಚು ಬಂತು ಎಂದುಕೊಳ್ಳಿ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಅತಿ ಚಿಕ್ಕದು, ಅಂದರೆ 4 ಅಡಿ 7 ಇಂಚು. ಏಕೆಂದರೆ ಫ್ರೇಮ್ ಕೂರಬೇಕಾದದ್ದು ಅಲ್ಲಿಯೇ. ಆ ಅಳತೆಯಿಂದಲೂ ಪ್ರತಿ ಬದಿಗೆ 3ರಿಂದ 5 ಮಿಲಿಮೀಟರ್ ಸಡಿಲ ಬಿಟ್ಟು ಫ್ರೇಮ್ ಕತ್ತರಿಸುತ್ತಾರೆ. ಬಿಲ್ಲಿಗೆ ಮಾತ್ರ ಕೆಲವರು ಮೂರರಲ್ಲಿ ದೊಡ್ಡ ಅಳತೆಯನ್ನು ಬರೆದುಕೊಳ್ಳುತ್ತಾರೆ. ಅಳತೆಯ ಚೀಟಿಯ ಮೇಲೆ ನಿಮ್ಮ ಕಣ್ಣು ಇರಬೇಕಾದ ಮೊದಲ ಜಾಗ ಅದು.

ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಹಿಡಿಯಿರಿ. ಈ ಕಿಟಕಿಗೆ ಎರಡೂ 6 ಅಡಿ 2⅜ ಇಂಚಿನ ಹತ್ತಿರ ಬರಬೇಕು. ಎರಡರ ನಡುವೆ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಗೋಡೆಯ ತೆರಪು ಓರೆಯಾಗಿದೆ ಎಂದರ್ಥ. ಅದನ್ನು ಕಿಟಕಿಯವರು ಬರುವ ಮೊದಲು ಗಾರೆಯವರಿಂದ ಸರಿಮಾಡಿಸುವುದೇ ಅಗ್ಗ. ಓರೆ ತೆರಪಿಗೆ ನೇರ ಫ್ರೇಮ್ ಕೂರಿಸಿದರೆ ಒಂದು ಮೂಲೆಯಲ್ಲಿ ದೊಡ್ಡ ಸಂದು ಉಳಿಯುತ್ತದೆ. ಫ್ರೇಮನ್ನೇ ಓರೆಗೆ ಎಳೆದು ಬಿಗಿದರೆ ಶಟರ್ ಒಂದು ಕಡೆ ಉಜ್ಜುತ್ತದೆ, ಲಾಕು ಕೂಡುವುದಿಲ್ಲ.

ಅಡಿ–ಇಂಚನ್ನು ದಶಮಾಂಶಕ್ಕೆ ತರುವುದು

ಹೆಚ್ಚು ತಪ್ಪು ಆಗುವುದು ಇಲ್ಲಿ. 4 ಅಡಿ 7 ಇಂಚು ಎಂದರೆ 4.7 ಅಲ್ಲ. ಅಡಿಗೆ 12 ಇಂಚು, ಹಾಗಾಗಿ 7 ಇಂಚು ಎಂದರೆ 7 ÷ 12 = 0.583 ಅಡಿ. ಅಳತೆ 4.583. ಕ್ಯಾಲ್ಕುಲೇಟರಿನಲ್ಲಿ 4.7 × 4.2 ಒತ್ತಿದರೆ 19.74 ಬರುತ್ತದೆ, ನಿಜವಾದ ಉತ್ತರ 19.10. ಗಿರಾಕಿಗೆ ನಷ್ಟ. 4 ಅಡಿ 10 ಇಂಚನ್ನು 4.10 ಎಂದು ಒತ್ತಿದರೆ ಅದು 4.1 ಆಗಿಬಿಡುತ್ತದೆ, ಇರಬೇಕಾದದ್ದು 4.833. ಆಗ ನಷ್ಟ ಕೆಲಸದವರಿಗೆ, ಮತ್ತು ಅದು ಕಟಿಂಗ್ ಆದ ಮೇಲೆ ಜಗಳವಾಗಿ ಹೊರಬರುತ್ತದೆ.

ಈ ತಲೆನೋವೇ ಬೇಡವೆಂದರೆ ಎಲ್ಲವನ್ನೂ ಇಂಚಿಗೆ ತಂದು ಕೊನೆಗೆ 144ರಿಂದ ಭಾಗಿಸಿ. ಒಂದು ಚದರ ಅಡಿಗೆ 12 × 12 = 144 ಚದರ ಇಂಚು. ಹಾಲಿನ ಕಿಟಕಿ 63 × 48 = 3024, ಭಾಗಿಸಿದರೆ 21 ಚದರ ಅಡಿ, ಎರಡಕ್ಕೆ 42. ಮಲಗುವ ಕೋಣೆಯದು 55 × 50 = 2750, ಅಂದರೆ 19.10. ಅಡುಗೆಮನೆಯದು 32 × 24 = 768, ಅಂದರೆ 5.33. ನಾಲ್ಕೂ ಸೇರಿ ನಿಜವಾದ ಅಳತೆ 66.43 ಚದರ ಅಡಿ. ಈ ಸಂಖ್ಯೆಯನ್ನು ಬೇರೆ ಕಡೆ ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಯಾರು ಯಾವ ರೀತಿ ಲೆಕ್ಕ ಹಾಕಿದರೂ ಕೊನೆಗೆ ತೂಗಿ ನೋಡುವುದು ಇದರ ಮೇಲೆಯೇ.

ಬಿಲ್ಲಿನ ಚದರ ಅಡಿ ನಿಮ್ಮ ಚದರ ಅಡಿಯಲ್ಲ

ಈ ಕಸುಬಿನಲ್ಲಿ ಅಳತೆಯನ್ನು ಮೇಲಕ್ಕೆ ಏರಿಸಿ ಹಿಡಿಯುವುದು ರೂಢಿ. ಕೆಲವರು ಮುಂದಿನ 3 ಇಂಚಿಗೆ, ಕೆಲವರು ಮುಂದಿನ 6 ಇಂಚಿಗೆ ಏರಿಸುತ್ತಾರೆ. ಅಗಲ, ಎತ್ತರ ಎರಡನ್ನೂ ಏರಿಸುವುದರಿಂದ ಒಟ್ಟು ಎರಡು ಕಡೆಯಿಂದ ಬೆಳೆಯುತ್ತದೆ. ಅದರ ಮೇಲೆ ಚಿಕ್ಕ ಕಿಟಕಿಗೆ "ಕನಿಷ್ಠ 10 ಚದರ ಅಡಿ" ಎಂಬ ಷರತ್ತು ಬೇರೆ.

| ಕಿಟಕಿ | ನಿಜ ಅಳತೆ | 3 ಇಂಚಿಗೆ ಏರಿಸಿ | 6 ಇಂಚಿಗೆ ಏರಿಸಿ |
|---|---|---|---|
| ಹಾಲ್ (2 ಸೇರಿ) | 42.00 | 42.00 | 44.00 |
| ಮಲಗುವ ಕೋಣೆ | 19.10 | 20.19 | 22.50 |
| ಅಡುಗೆಮನೆ (ಕನಿಷ್ಠ 10) | 5.33 | 10.00 | 10.00 |
| ಒಟ್ಟು ಚದರ ಅಡಿ | 66.43 | 72.19 | 76.50 |

6 ಇಂಚಿನ ಲೆಕ್ಕದಲ್ಲಿ 10 ಚದರ ಅಡಿಗೂ ಹೆಚ್ಚು ಸೇರಿತು, ಅಂದರೆ ಶೇ. 15. ಅಡಿಗೆ 450 ರೂಪಾಯಿಯಾದರೆ ಸುಮಾರು 4,500 ರೂಪಾಯಿ, ದರದಲ್ಲಿ ಒಂದು ಪೈಸೆಯೂ ಏರದೆ. ಮಲಗುವ ಕೋಣೆಯ ಕಿಟಕಿಯನ್ನೇ ನೋಡಿ: ಅಗಲ 55 ಇಂಚು 60 ಆಯಿತು, ಎತ್ತರ 50 ಇಂಚು 54 ಆಯಿತು, 3.4 ಚದರ ಅಡಿ ಬೆಳೆಯಿತು.

ಇದೆಲ್ಲ ಬರೀ ಮೋಸವೆಂದು ತಿಳಿಯಬೇಕಿಲ್ಲ. ಫ್ರೇಮು, ಶಟರ್ ಕತ್ತರಿಸುವ ಅಲ್ಯೂಮಿನಿಯಂ ಪಟ್ಟಿಗೆ ಸೆಕ್ಷನ್ ಎನ್ನುತ್ತಾರೆ. ಅದು 12 ಅಡಿ ಉದ್ದದ್ದಾದರೆ, 4 ಅಡಿಯ ತೆರಪಿಗೆ ಬೇಕಾದ ಫ್ರೇಮಿನ ನಿಲುವು ತುಂಡುಗಳು ಒಂದು ಉದ್ದದಲ್ಲಿ ಮೂರು ಬರುತ್ತವೆ. ಅದೇ 4 ಅಡಿ 2 ಇಂಚಿನವು ಎರಡೇ ಬಂದು 3 ಅಡಿ 8 ಇಂಚಿನ ತುಂಡು ಉಳಿಯುತ್ತದೆ. ಅದು ಬೇರೆ ಕಿಟಕಿಗೆ ಹೊಂದಿದರೆ ಹೊಂದಿತು, ಇಲ್ಲವಾದರೆ ಗುಜರಿ. ಗಾಜಿನ ಹಾಳೆಯಲ್ಲೂ ಇದೇ ಕಥೆ. ಏರಿಸುವುದು ಆ ನಷ್ಟದ ಬಾಬ್ತು. ಆದರೆ 3 ಇಂಚಿಗೆ ಏರಿಸುವವರಿಗೂ ನಷ್ಟ ಅಷ್ಟೇ, 6 ಇಂಚಿಗೆ ಏರಿಸುವವರಿಗೂ ಅಷ್ಟೇ. ಹಾಗಾಗಿ ಚೌಕಾಸಿ ಮಾಡುವುದಾದರೆ ದರಕ್ಕಿಂತ ಮೊದಲು ಇದರ ಮೇಲೆ ಮಾಡಿ.

ಗೋಡೆ ಇನ್ನೂ ಏಳುತ್ತಿದ್ದರೆ ಇನ್ನೊಂದು ದಾರಿಯಿದೆ. ಪ್ಲಾಸ್ಟರ್ ಆದ ಮೇಲಿನ ತೆರಪು 6 ಇಂಚಿನ ಗುಣಕದಲ್ಲಿ ಬರುವಂತೆ ಹೇಳಿ. ಆ ಮಲಗುವ ಕೋಣೆಯ ಕಿಟಕಿ 4 ಅಡಿ 6 ಇಂಚು × 4 ಅಡಿ ಆಗಿದ್ದರೆ ಯಾವ ಲೆಕ್ಕದಲ್ಲೂ 18 ಚದರ ಅಡಿಯೇ. 22.5ರ ಬದಲು 18. ಒಂದೇ ಒಂದು ಇಂಚು ಅಗಲ, ಎರಡು ಇಂಚು ಎತ್ತರ ಬಿಟ್ಟುಕೊಟ್ಟು 2,025 ರೂಪಾಯಿ ಉಳಿಯುತ್ತಿತ್ತು. ಪ್ಲಾಸ್ಟರಿನ ದಪ್ಪ ಗಾರೆಯವರ ಕೈಯಲ್ಲಿರುವುದರಿಂದ ಕಾಲಿಂಚಿನಷ್ಟು ಚಿಕ್ಕದಾಗಿಯೇ ಇರಲಿ ಎನ್ನಿ, ಏಕೆಂದರೆ ಗುಣಕವನ್ನು ಅರ್ಧ ಇಂಚು ದಾಟಿದರೂ ಲೆಕ್ಕ ಮುಂದಿನ 6 ಇಂಚಿಗೆ ಹಾರುತ್ತದೆ.

ಚಿಕ್ಕ ಕಿಟಕಿ ಏಕೆ ದುಬಾರಿ

ಅಡುಗೆಮನೆಯ 5.33 ಚದರ ಅಡಿಗೆ 10 ಚದರ ಅಡಿಯ ಹಣ ಕೇಳಿದರೆ ಯಾರಿಗೂ ಕೋಪ ಬರುತ್ತದೆ. ಆದರೆ ಕಿಟಕಿಯಲ್ಲಿ ಗಾಜು ಮಾತ್ರ ಚದರ ಅಡಿಯ ಲೆಕ್ಕದ್ದು. ಅಲ್ಯೂಮಿನಿಯಂ ಉದ್ದದ ಲೆಕ್ಕದ್ದು, ರೋಲರು–ಲಾಕು ಸಂಖ್ಯೆಯ ಲೆಕ್ಕದ್ದು. ಚದರ ಅಡಿಯ ದರವೆಂದರೆ ಈ ಮೂರನ್ನೂ ಕಲಸಿ ತೆಗೆದ ಸರಾಸರಿ, ಮತ್ತು ಅದು ನಡುಗಾತ್ರದ ಕಿಟಕಿಗೆ ಹೊಂದುವಂತೆ ತೆಗೆದದ್ದು.

ಉದ್ದವನ್ನು ಒರಟಾಗಿ ಲೆಕ್ಕ ಹಾಕುವುದು ಸುಲಭ. ಫ್ರೇಮಿಗೆ ಸುತ್ತಳತೆ. ಪ್ರತಿ ಶಟರಿಗೆ ಎರಡು ನಿಲುವು ತುಂಡು, ಎರಡು ಅಡ್ಡ ತುಂಡು. ಎರಡು ಭಾಗದ ಕಿಟಕಿಯಲ್ಲಿ ಪ್ರತಿ ಅಡ್ಡ ತುಂಡು ಸುಮಾರು ಅರ್ಧ ಅಗಲದ್ದು. ಹಾಲಿನ ಕಿಟಕಿಗೆ ಫ್ರೇಮ್ 18.5 ಅಡಿ, ಮೂರು ಶಟರಿನ ನಿಲುವು 6 × 4 = 24 ಅಡಿ, ಅಡ್ಡ 6 × 2.625 = 15.75 ಅಡಿ, ಒಟ್ಟು 58.25 ಅಡಿ. ಅಡುಗೆಮನೆಯದಕ್ಕೆ ಫ್ರೇಮ್ 9.33, ನಿಲುವು 12, ಅಡ್ಡ 8, ಒಟ್ಟು 29.33 ಅಡಿ. ಅಂದರೆ ಚದರ ಅಡಿಯಲ್ಲಿ ಕಾಲುಭಾಗವಿರುವ ಕಿಟಕಿ ಅಲ್ಯೂಮಿನಿಯಂ ಅರ್ಧದಷ್ಟು ನುಂಗುತ್ತದೆ. ರೋಲರು, ಲಾಕು, ಮೂಲೆ ಕೂಡಿಸುವ ಕೆಲಸ ಎರಡಕ್ಕೂ ಒಂದೇ. 21 ಚದರ ಅಡಿಯ ಅರ್ಧ 10.5. ಕನಿಷ್ಠ 10 ಎಂಬ ಷರತ್ತು ಆಕಾಶದಿಂದ ಬಿದ್ದದ್ದಲ್ಲ ಎಂದು ಇದರಿಂದಲೇ ತಿಳಿಯುತ್ತದೆ. ಗಾಜು ಕಡಿಮೆಯಿರುವುದರಿಂದ 8ಕ್ಕೆ ಒಪ್ಪಿಸುವುದು ನ್ಯಾಯವೇ. 5.33ಕ್ಕೇ ಪಟ್ಟು ಹಿಡಿದರೆ ಆ ಹಣ ಇನ್ನೆಲ್ಲೋ ಸೇರಿಕೊಳ್ಳುತ್ತದೆ.

ಇಷ್ಟು ಚಿಕ್ಕ ಜಾಗಕ್ಕೆ ಸ್ಲೈಡಿಂಗ್ ಬೇಕೇ ಎಂಬುದನ್ನೂ ಯೋಚಿಸಿ. ಶಟರ್ ಸರಿದರೂ ಗಾಳಿಗೆ ಸಿಗುವುದು ಅರ್ಧ ತೆರಪು, ಇಲ್ಲಿ ಒಂದಡಿ ಚಿಲ್ಲರೆ ಅಗಲ. ಎರಡಡಿಗಿಂತ ಕಡಿಮೆ ಅಗಲವಾದರೆ ಮೇಲಕ್ಕೆ ತೆರೆಯುವ ಒಂದೇ ಬಾಗಿಲಿನ ಕಿಟಕಿ ಹಾಕಿಸುವುದೇ ಮೇಲು.

ದರದೊಳಗೆ ಯಾವ ಸೆಕ್ಷನ್ ಇದೆ

ಎರಡು ದರಗಳನ್ನು ಹೋಲಿಸುವ ಮೊದಲು ಸೆಕ್ಷನ್ ಒಂದೇ ಎಂದು ಖಾತ್ರಿಯಾಗಬೇಕು. ಮುಕ್ಕಾಲು ಇಂಚಿನ ಹಗುರ ಸೆಕ್ಷನ್‌ಗೂ ಡೊಮಲ್ ಎಂಬ ಭಾರದ ಸೆಕ್ಷನ್‌ಗೂ ಒಂದೇ ದರ ಇರುವುದಿಲ್ಲ. ಹೆಸರು ಒಂದೇ ಇದ್ದರೂ ಸೆಕ್ಷನ್ನಿನ ಲೋಹದ ದಪ್ಪ ಬೇರೆ ಇರಬಹುದು. ಆಕಾರ ಅದೇ ಇಟ್ಟುಕೊಂಡು 1.5 ಮಿಲಿಮೀಟರಿನ ಬದಲು 1.2 ಮಿಲಿಮೀಟರ್ ಮಾಡಿದರೆ ಅಲ್ಯೂಮಿನಿಯಂ ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತದೆ. ಬಣ್ಣ ಹೊಡೆದ ಮೇಲೆ ಮುಂದಿನಿಂದ ನೋಡಿ ಇದನ್ನು ಹೇಳಲು ಯಾರಿಂದಲೂ ಆಗದು.

ಕತ್ತರಿಸಿದ ತುದಿಯಲ್ಲಿ ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿ. ಪೌಡರ್ ಕೋಟಿಂಗ್ ಕೂಡ ಅಳತೆಯಲ್ಲಿ ಸೇರುವುದರಿಂದ ಕೋಟಿಂಗ್ ಇಲ್ಲದ ತುಂಡು ಸಿಕ್ಕರೆ ಒಳ್ಳೆಯದು. ಇನ್ನೂ ನಂಬಿಕಸ್ತ ಉಪಾಯ ತೂಕ: ಎರಡೂ ಕಡೆಯಿಂದ ಒಂದೇ ಹೆಸರಿನ ಸೆಕ್ಷನ್ನಿನ ಒಂದಡಿ ತುಂಡು ಕೇಳಿ ಪಡೆದು ಅಡುಗೆಮನೆಯ ತಕ್ಕಡಿಯಲ್ಲಿ ಇಡಿ. ಹಗುರವಾದದ್ದು ತಾನಾಗಿ ಗೊತ್ತಾಗುತ್ತದೆ. ಕೊಟೇಶನ್ನಿನಲ್ಲಿ ಸೆಕ್ಷನ್ನಿನ ಹೆಸರು, ಮಿಲಿಮೀಟರಿನಲ್ಲಿ ದಪ್ಪ, ಟ್ರ್ಯಾಕ್ ಎಷ್ಟು, ಜಾಲರಿ ನೈಲಾನೋ ಸ್ಟೀಲೋ, ಬಣ್ಣ ಯಾವುದು ಎಂದು ಬರೆಸಿ. ಮರದ ನಮೂನೆಯ ಬಣ್ಣಕ್ಕೆ ದರ ಬೇರೆಯೇ ಇರುತ್ತದೆ.

ಗಾಜಿನ ವ್ಯತ್ಯಾಸ ಸೇರಿಸುವುದು

ಮೂಲ ದರದಲ್ಲಿ ಸಾಮಾನ್ಯವಾಗಿ ಸೇರಿರುವುದು ಸಾದಾ ಗಾಜು. ಅದು 4 ಮಿಲಿಮೀಟರೋ 5 ಮಿಲಿಮೀಟರೋ ಎಂದು ಕೇಳಿ. ಬೇರೆ ಗಾಜು ಬೇಕಾದರೆ ಚದರ ಅಡಿಗೆ ಇಷ್ಟು ಹೆಚ್ಚುವರಿ ಎಂದು ಹೇಳುತ್ತಾರೆ. ಬಣ್ಣದ ಗಾಜು, ಒಳಗೆ ಕಾಣದ ಮಬ್ಬು ಗಾಜು, ರಿಫ್ಲೆಕ್ಟಿವ್, ಟಫನ್ಡ್, ಲ್ಯಾಮಿನೇಟೆಡ್ ಹೀಗೆ ಒಂದೊಂದಕ್ಕೆ ಒಂದೊಂದು ಮೊತ್ತ.

ಈ ಹೆಚ್ಚುವರಿಯನ್ನು ಗಾಜಿನ ಅಳತೆಗೆ ಹಾಕದೆ ಇಡೀ ಕಿಟಕಿಯ ಬಿಲ್ ಅಳತೆಗೆ ಹಾಕುವುದು ರೂಢಿ. ಫ್ರೇಮ್ ಮತ್ತು ಶಟರ್ ಸೇರಿ ಪ್ರತಿ ಅಂಚಿಗೆ 3 ಇಂಚು, ನಡುವೆ ಎರಡು ಶಟರ್ ಕೂಡುವ ಇಂಟರ್‌ಲಾಕಿಗೆ ಒಂದೂವರೆ ಇಂಚು ಹೋಗುತ್ತದೆ ಎಂದು ಹಿಡಿದರೆ ಹಾಲಿನ ಕಿಟಕಿಯಲ್ಲಿ ಕಾಣುವ ಗಾಜು 55.5 × 42 ಇಂಚು. ಒಟ್ಟಿನ ಸುಮಾರು ಮುಕ್ಕಾಲು ಭಾಗ. ಅಡುಗೆಮನೆಯದರಲ್ಲಿ 24.5 × 18 ಇಂಚು, ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅದರಲ್ಲೂ ಕನಿಷ್ಠ 10 ಚದರ ಅಡಿಗೆ ಗಾಜಿನ ಹೆಚ್ಚುವರಿ ಹಾಕಿದರೆ ಸುಮಾರು 3 ಚದರ ಅಡಿ ಗಾಜಿಗೆ 10ರ ಹಣ ತೆತ್ತಂತೆ. ಕನಿಷ್ಠ ಅಳತೆಯ ಷರತ್ತನ್ನು ಮೂಲ ದರಕ್ಕೆ ಒಪ್ಪಿ, ಗಾಜಿನ ಹೆಚ್ಚುವರಿಗೆ ಒಪ್ಪಬೇಡಿ.

ಟಫನ್ಡ್ ಗಾಜು ಒಡೆದರೆ ಚೂಪು ಚೂರಾಗದೆ ಸಣ್ಣ ಹರಳುಗಳಾಗಿ ಉದುರುತ್ತದೆ. ನೆಲಕ್ಕೆ ಹತ್ತಿರವಿರುವ ಅಥವಾ ಮಕ್ಕಳು ಒರಗುವ ಕಿಟಕಿಗೆ ಅದು ಬೇಕು. ಆದರೆ ಒಮ್ಮೆ ಟಫನ್ ಆದ ಗಾಜನ್ನು ಮತ್ತೆ ಕತ್ತರಿಸಲು, ತೂತು ಹಾಕಲು ಬರುವುದಿಲ್ಲ. ಶಟರ್ ತಯಾರಾಗಿ ಅದರ ಒಳಗಿನ ಅಳತೆ ತೆಗೆದ ಮೇಲೆಯೇ ಆರ್ಡರ್ ಕೊಡಬೇಕು. ಕಾಲಿಂಚು ದೊಡ್ಡದಾಗಿ ಬಂದರೆ ಆ ಗಾಜು ಬಿಸಾಡಿದಂತೆಯೇ. ತಪ್ಪಾದರೆ ಖರ್ಚು ಯಾರದು ಎಂದು ಮೊದಲೇ ಬರೆಸಿ. ಲ್ಯಾಮಿನೇಟೆಡ್ ಗಾಜು ಒಡೆದರೂ ನಡುವಿನ ಪದರಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಸದ್ದನ್ನೂ ಸ್ವಲ್ಪ ತಡೆಯುತ್ತದೆ.

ಗಾಜು ಬದಲಾದರೆ ತೂಕವೂ ಬದಲಾಗುತ್ತದೆ ಎಂಬುದನ್ನು ಬಹಳ ಜನ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಪ್ರತಿ ಮಿಲಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ 2.5 ಕಿಲೋ. 5 ಮಿಲಿಮೀಟರ್ ಗಾಜು ಚದರ ಅಡಿಗೆ 1.16 ಕಿಲೋ, 10 ಮಿಲಿಮೀಟರಿನ ಲ್ಯಾಮಿನೇಟೆಡ್ ಅದರ ಎರಡರಷ್ಟು. ಹಾಲಿನ ಕಿಟಕಿಯ ಒಂದು ಶಟರಿನಲ್ಲಿ 8 ಚದರ ಅಡಿ ಗಾಜು ಇದ್ದರೆ 9 ಕಿಲೋ ಇದ್ದದ್ದು 18 ಕಿಲೋ ಮೀರುತ್ತದೆ. ಹಗುರ ಸೆಕ್ಷನ್ನಿನ ಸಾದಾ ನೈಲಾನ್ ರೋಲರ್ ಆ ಭಾರಕ್ಕೆ ಬೇಗ ಚಪ್ಪಟೆಯಾಗಿ ಶಟರ್ ಎಳೆಯಲು ಗಟ್ಟಿಯಾಗುತ್ತದೆ. ಎರಡು ಗಾಜುಗಳ ನಡುವೆ ಗಾಳಿಯ ಸಂದಿರುವ ಗಾಜು ಬೇಕೆಂದರೆ, 5 + 9 + 5 ಸೇರಿ ಅದರ ದಪ್ಪವೇ 19 ಮಿಲಿಮೀಟರ್, ಸಾಮಾನ್ಯ ಶಟರಿನಲ್ಲಿ ಗಾಜು ಕೂರುವ ಸಂದಿನಲ್ಲಿ ಅದು ಹಿಡಿಸುವುದೇ ಇಲ್ಲ. ಆಗ ಬರೀ ಗಾಜಿನ ವ್ಯತ್ಯಾಸವಲ್ಲ, ಸೆಕ್ಷನ್ನೇ ಬದಲು, ಮೂಲ ದರವೇ ಬೇರೆ.

ಫಿಟ್ಟಿಂಗ್ ಎಂದರೆ ಏನೇನು

"ಫಿಟ್ಟಿಂಗ್ ಸೇರಿ" ಎಂಬ ಮಾತಿನಲ್ಲಿ ಒಬ್ಬೊಬ್ಬರು ಒಂದೊಂದನ್ನು ಸೇರಿಸುತ್ತಾರೆ. ಸಾಮಾನು ತರುವ ಗಾಡಿ ಬಾಡಿಗೆ, ಮೇಲಿನ ಮಹಡಿಗೆ ಹೊತ್ತು ಏರಿಸುವುದು, ಡ್ರಿಲ್ ಮಾಡಿ ಸ್ಕ್ರೂ ಹಾಕುವುದು, ಸುತ್ತ ಸಿಲಿಕೋನ್ ಹಚ್ಚುವುದು, ಹಳೆಯ ಕಿಟಕಿ ಕೀಳುವುದು, ಹೊರಗಿನಿಂದ ನಿಲ್ಲಲು ಸಾರುವೆ ಕಟ್ಟುವುದು. ಇವನ್ನು ಒಂದೊಂದಾಗಿ ಹೆಸರಿಸಿ ಸೇರಿದೆಯೇ ಎಂದು ಕೇಳಿ.

ಇವುಗಳಲ್ಲಿ ಸಿಲಿಕೋನ್ ಉದ್ದದ ಲೆಕ್ಕದ್ದು. ನಮ್ಮ ನಾಲ್ಕು ಕಿಟಕಿಗಳ ಸುತ್ತಳತೆ: ಹಾಲಿನ ಎರಡಕ್ಕೆ 37 ಅಡಿ, ಮಲಗುವ ಕೋಣೆಗೆ 17.5, ಅಡುಗೆಮನೆಗೆ 9.33, ಒಟ್ಟು 63.83 ಅಡಿ. ಒಳಗೂ ಹೊರಗೂ ಹಚ್ಚಿದರೆ ಇದರ ಎರಡರಷ್ಟು. 6 ಮಿಲಿಮೀಟರ್ ಅಗಲ, ಅಷ್ಟೇ ಆಳದ ಸಂದು ತುಂಬಿದರೆ 300 ಮಿಲಿಲೀಟರಿನ ಒಂದು ಟ್ಯೂಬು ಸುಮಾರು 8 ಮೀಟರ್, ಅಂದರೆ 27 ಅಡಿ ಓಡುತ್ತದೆ. ಹೊರಗಿನ 64 ಅಡಿಗೆ ಮೂರು ಟ್ಯೂಬು ಬೇಕು. ಒಂದೇ ಟ್ಯೂಬಿನಲ್ಲಿ ನಾಲ್ಕೂ ಕಿಟಕಿ ಮುಗಿಸಿದ್ದರೆ ಅದು ಸಂದು ತುಂಬಿಲ್ಲ, ಮೇಲೆ ಸವರಿದ್ದಾರೆ ಅಷ್ಟೇ. ಸಂದು 10 ಮಿಲಿಮೀಟರ್ ಮೀರಿದ್ದರೆ ಬರೀ ಸಿಲಿಕೋನ್ ನಿಲ್ಲುವುದಿಲ್ಲ, ಹಿಂದೆ ಗಾರೆಯನ್ನೋ ಫೋಮ್ ಹಗ್ಗವನ್ನೋ ತುಂಬಬೇಕು. ಆ ಗಾರೆ ಕೆಲಸ ಕಿಟಕಿಯವರದೋ ನಿಮ್ಮದೋ ಎಂಬ ಪ್ರಶ್ನೆ ಹುಟ್ಟುವುದು ಯಾವಾಗಲೂ ಕಿಟಕಿ ಕೂರಿಸುವ ದಿನವೇ. ಮೊದಲೇ ಮುಗಿಸಿಕೊಳ್ಳಿ.

ಎರಡು ಕೊಟೇಶನ್ ಪಕ್ಕಪಕ್ಕ

ಈಗ ಆ ಇಬ್ಬರ ಷರತ್ತುಗಳನ್ನು ಪೂರ್ತಿ ಬರೆಯೋಣ. ಸೆಕ್ಷನ್, ದಪ್ಪ, ಮೂಲ ಗಾಜು ಎರಡರಲ್ಲೂ ಒಂದೇ. ಹಾಲಿನ ಎರಡು ಕಿಟಕಿಗೆ ಟಫನ್ಡ್ ಗಾಜು.

ಮೊದಲನೆಯವರದು ಚದರ ಅಡಿಗೆ 450, ಅಳತೆ 6 ಇಂಚಿಗೆ ಏರಿಕೆ, ಕನಿಷ್ಠ 10 ಚದರ ಅಡಿ. ಟಫನ್ಡ್‌ಗೆ ಅಡಿಗೆ 90 ಹೆಚ್ಚು. ಫಿಟ್ಟಿಂಗ್ ಚದರ ಅಡಿಗೆ 35, ಹೊರಬದಿಯ ಸಿಲಿಕೋನ್ ಉದ್ದಡಿಗೆ 20, ಗಾಡಿ 1,500.

- ಕಿಟಕಿ: 76.5 × 450 = 34,425
- ಟಫನ್ಡ್: 44 × 90 = 3,960
- ಫಿಟ್ಟಿಂಗ್: 76.5 × 35 = 2,677.50
- ಸಿಲಿಕೋನ್: 63.83 × 20 = 1,276.60
- ಗಾಡಿ: 1,500
- ಮೊತ್ತ 43,839. ಶೇ. 18 ಜಿಎಸ್‌ಟಿ 7,891. ಕೊನೆಗೆ 51,730 ರೂಪಾಯಿ.

ಎರಡನೆಯವರದು ಚದರ ಅಡಿಗೆ 520, ತೆರಪಿನ ನಿಜ ಅಳತೆಗೆ, ಚಿಕ್ಕ ಕಿಟಕಿಗೆ ಕನಿಷ್ಠ 8. ಟಫನ್ಡ್‌ಗೆ ಅಡಿಗೆ 80 ಹೆಚ್ಚು. ಫಿಟ್ಟಿಂಗ್, ಹೊರಬದಿಯ ಸಿಲಿಕೋನ್, ಗಾಡಿ ದರದಲ್ಲೇ ಸೇರಿವೆ.

- ಕಿಟಕಿ: (42 + 19.10 + 8) = 69.10 × 520 = 35,932
- ಟಫನ್ಡ್: 42 × 80 = 3,360
- ಮೊತ್ತ 39,292. ಜಿಎಸ್‌ಟಿ 7,073. ಕೊನೆಗೆ 46,365 ರೂಪಾಯಿ.

ಅಡಿಗೆ 70 ರೂಪಾಯಿ ಹೆಚ್ಚು ಹೇಳಿದವರ ಬಿಲ್ಲು 5,365 ರೂಪಾಯಿ ಕಡಿಮೆ. ತೆರಿಗೆಗೆ ಮುಂಚಿನ ಮೊತ್ತವನ್ನು ಬರೆದಿಟ್ಟುಕೊಂಡ 66.43ರಿಂದ ಭಾಗಿಸಿದರೆ ನಿಜವಾದ ದರ ಸಿಗುತ್ತದೆ: ಮೊದಲನೆಯವರದು ಚದರ ಅಡಿಗೆ 660, ಎರಡನೆಯವರದು 591. ಎಷ್ಟೇ ಕೊಟೇಶನ್ ಬಂದರೂ ಈ ಒಂದು ಭಾಗಾಕಾರ ಮಾಡಿಯೇ ಹೋಲಿಸಿ. "ತೆರಿಗೆ ಬೇಡ, ಬಿಲ್ಲಿಲ್ಲದೆ ಮಾಡಿಕೊಡ್ತೀನಿ" ಎಂದವರ ದರವನ್ನು ತೆರಿಗೆ ಸೇರಿದ ದರದ ಜೊತೆ ಹೋಲಿಸಿ ಅಗ್ಗವೆಂದುಕೊಳ್ಳಬೇಡಿ. ನಾಳೆ ರೋಲರ್ ಕೆಟ್ಟು ದೂರು ಹೇಳಬೇಕಾದಾಗ ತೋರಿಸಲು ಕೈಯಲ್ಲಿ ಕಾಗದವೇ ಇರುವುದಿಲ್ಲ.

ಕಿಟಕಿಗಳು ಹೆಚ್ಚಿದ್ದರೆ ಸ್ಪ್ರೆಡ್‌ಶೀಟಿನಲ್ಲಿ ಹಾಕಿಬಿಡಿ. B, C ಕಾಲಂನಲ್ಲಿ ಅಗಲದ ಅಡಿ ಮತ್ತು ಇಂಚು, D, E ಕಾಲಂನಲ್ಲಿ ಎತ್ತರದ ಅಡಿ ಮತ್ತು ಇಂಚು, Fನಲ್ಲಿ ಸಂಖ್ಯೆ. ಮೊದಲ ಸೂತ್ರ ನಿಜ ಅಳತೆ ಕೊಡುತ್ತದೆ. ಎರಡನೆಯದು 6 ಇಂಚಿಗೆ ಏರಿಸಿ ಕನಿಷ್ಠ 10 ಹಿಡಿದ ಬಿಲ್ ಅಳತೆ. 3 ಇಂಚಿನವರಿಗೆ 6ರ ಜಾಗದಲ್ಲಿ 3 ಹಾಕಿ.

```
=(B2*12+C2)*(D2*12+E2)/144*F2
=MAX(CEILING(B2*12+C2,6)*CEILING(D2*12+E2,6)/144,10)*F2
```

ಹಣ ಪೂರ್ತಿ ಕೊಡುವ ಮೊದಲು

ಕಿಟಕಿ ಕೂತ ಮೇಲೆ ಫ್ರೇಮಿನ ಹೊರ ಅಂಚಿನಿಂದ ಹೊರ ಅಂಚಿಗೆ ಮತ್ತೊಮ್ಮೆ ಟೇಪು ಹಿಡಿದು ಬಿಲ್ಲಿನ ಅಳತೆಯ ಜೊತೆ ತಾಳೆ ನೋಡಿ. ಟಫನ್ಡ್ ಗಾಜಿಗೆ ಹಣ ಕೊಟ್ಟಿದ್ದರೆ ಗಾಜಿನ ಮೂಲೆಯಲ್ಲಿ ತಯಾರಕರ ಮುದ್ರೆ ಇದೆಯೇ ಹುಡುಕಿ. ಮುದ್ರೆ ಇರದಿದ್ದರೆ ಗಾಜು ಶಟರಿನಲ್ಲಿ ಕೂರುವ ಮೊದಲೇ ಕೇಳಬೇಕಿತ್ತು, ಆದರೂ ಕೇಳಿ.

ಶಟರನ್ನು ನಡುವೆ ನಿಲ್ಲಿಸಿ ಕೈ ಬಿಡಿ. ತಾನಾಗಿ ಒಂದು ಕಡೆ ಸರಿದರೆ ಕೆಳಗಿನ ಟ್ರ್ಯಾಕ್ ಮಟ್ಟದಲ್ಲಿಲ್ಲ. ಎರಡೂ ಶಟರ್ ಮುಚ್ಚಿ ನಿಲುವು ಅಂಚು ಫ್ರೇಮಿನ ಜೊತೆ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಕೂತಿದೆಯೇ ನೋಡಿ. ಮೇಲೆ ಸಂದಿದ್ದು ಕೆಳಗೆ ತಾಗಿದ್ದರೆ ರೋಲರಿನ ಸ್ಕ್ರೂ ತಿರುಗಿಸಿ ಎತ್ತರ ಸರಿಮಾಡಬಹುದು. ಅದಕ್ಕೂ ಸರಿಹೋಗದಿದ್ದರೆ ಫ್ರೇಮೇ ಓರೆ.

ಕೊನೆಗೆ ಒಂದು ಚೊಂಬು ನೀರನ್ನು ಕೆಳಗಿನ ಟ್ರ್ಯಾಕಿಗೆ ಮೆಲ್ಲಗೆ ಸುರಿಯಿರಿ. ಹೊರಬದಿಯ ತೂತುಗಳಿಂದ ನೀರು ಹೊರಗೆ ಹರಿದು ಹೋಗಬೇಕು. ಟ್ರ್ಯಾಕಿನಲ್ಲೇ ನಿಂತರೆ ತೂತು ಹಾಕಿಲ್ಲ, ಇಲ್ಲವೇ ಸಿಲಿಕೋನ್ ಹಚ್ಚುವಾಗ ಮುಚ್ಚಿಹೋಗಿವೆ. ಮಳೆಗಾಲದಲ್ಲಿ ಆ ನೀರು ಒಳಗಿನ ಅಂಚು ದಾಟಿ ಗೋಡೆಗೆ ಇಳಿಯುತ್ತದೆ. ತೂತು ಬಿಡಿಸಿಕೊಡಲು ಕೆಲಸದವರಿಗೆ ಐದು ನಿಮಿಷ ಸಾಕು, ಕೊನೆಯ ಕಂತು ನಿಮ್ಮ ಕೈಯಲ್ಲಿರುವವರೆಗೆ.